ಒಂದೇ ರಸ್ತೆ, ನಾಲ್ಕು ವಾಚು, ನಾಲ್ಕು ದೂರ: ಕಬ್ಬನ್ ಪಾರ್ಕ್ ಸುತ್ತಿನ 10 ಕಿ.ಮೀ. ಓಟದ ಪ್ರಕರಣ

ಬೆಂಗಳೂರಿನ ಕಬ್ಬನ್ ಪಾರ್ಕ್ ಸುತ್ತಮುತ್ತ ಭಾನುವಾರ ಬೆಳಿಗ್ಗೆ ನಡೆದ ಒಂದು 10 ಕಿ.ಮೀ. ಓಟವಿದು. 5 ಕಿ.ಮೀ. ಸುತ್ತನ್ನು ಎರಡು ಸಲ ಹಾಕಬೇಕು. ಕಸ್ತೂರಬಾ ರಸ್ತೆಯಲ್ಲಿ ಹೊರಟು, ಮಿನ್ಸ್ಕ್ ಚೌಕದ ಹತ್ತಿರ ಕಬ್ಬನ್ ರಸ್ತೆಗೆ ತಿರುಗಿ, ಮಾಣೆಕ್ ಷಾ ಪರೇಡ್ ಮೈದಾನದ ಪಕ್ಕ ಒಂದಷ್ಟು ದೂರ ಹೋಗಿ ಯು-ಟರ್ನ್. ವಾಪಸ್ ಬಂದು ಪಾರ್ಕಿನ ಒಳರಸ್ತೆಗಳು. ಕೊನೆಗೆ ವಿಠಲ್ ಮಲ್ಯ ರಸ್ತೆ ಹಾದು ಮತ್ತೆ ಕಸ್ತೂರಬಾ ರಸ್ತೆ. ಒಂದೇ ಸುತ್ತಿನಲ್ಲಿ ತೆರೆದ ಆಕಾಶ, ದಟ್ಟ ಮರ, ಎತ್ತರದ ಕಟ್ಟಡ, ಮೂರೂ ಸಿಗುತ್ತವೆ. ವಾಚು ಎಲ್ಲಿ ತಪ್ಪುತ್ತದೆ ಎಂದು ನೋಡಬೇಕಾದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ನಮ್ಮ ಗುಂಪಿನ ಗೆಳತಿಯೊಬ್ಬರು 60 ನಿಮಿಷದೊಳಗೆ ಮುಗಿಸಬೇಕೆಂದು ತಿಂಗಳುಗಟ್ಟಲೆ ತಯಾರಿ ಮಾಡಿದ್ದರು. ಟೈಮಿಂಗ್ ಚಿಪ್ ಪ್ರಕಾರ ಅವರ ಸಮಯ 60:48. ವಾಚಿನಲ್ಲಿ ದೂರ 10.28 ಕಿ.ಮೀ., ಸರಾಸರಿ ಪೇಸ್ ಕಿಲೋಮೀಟರಿಗೆ 5:55. ಆ ಪೇಸಿನಲ್ಲಿ 10 ಕಿ.ಮೀ. ಎಂದರೆ 59:10 ಆಗಬೇಕಿತ್ತು. ಸಂಜೆ ಫೋನ್ ಮಾಡಿದಾಗ ಅವರ ದನಿಯಲ್ಲಿ ನಿಜವಾದ ನೋವಿತ್ತು. "ಸರ್, 280 ಮೀಟರ್ ಜಾಸ್ತಿ ಓಡಿಸಿದ್ದಾರೆ. ಆಯೋಜಕರಿಗೆ ಮೇಲ್ ಹಾಕೋಣ ಅಂತಿದ್ದೀನಿ, ನೀವೂ ಒಂದು ಮಾತು ಸೇರಿಸ್ತೀರಾ?"

"ಮೇಲ್ ಆಮೇಲೆ ಹಾಕೋಣ ಮೇಡಂ. ಮೊದಲು ನಿಮ್ಮ ವಾಚಿನ ಫೈಲ್ ಕಳಿಸಿ. ಇನ್ನೂ ಮೂರು ಜನರದ್ದು ತರಿಸ್ಕೊಳ್ತೀನಿ," ಎಂದೆ.

ಗುಂಪಿನಲ್ಲಿ ನಾಲ್ವರು ಪ್ರತಿ ಕಿಲೋಮೀಟರ್ ಫಲಕದ ಹತ್ತಿರ ಲ್ಯಾಪ್ ಬಟನ್ ಒತ್ತಿ ಆ ಕಿಲೋಮೀಟರನ್ನು ಬೇರೆಯಾಗಿ ದಾಖಲಿಸಿದ್ದರು. ಈ ಪ್ರಕರಣ ಬಗೆಹರಿದದ್ದು ಆ ಅಭ್ಯಾಸದಿಂದಲೇ. ನಾಲ್ಕು ವಾಚುಗಳು ತೋರಿಸಿದ ಒಟ್ಟು ದೂರ ಹೀಗಿತ್ತು: 10.11, 10.17, 10.28, 10.39. ಅತಿ ಕಡಿಮೆ ಬಂದದ್ದು ಎರಡು ತರಂಗಾಂತರ ಹಿಡಿಯುವ ಹೊಸ ವಾಚು ಕಟ್ಟಿದ್ದ, ವೇಗವಾಗಿ ಓಡುವ ಹುಡುಗನದು. ಅತಿ ಹೆಚ್ಚು ಬಂದದ್ದು ಹಳೆಯ ವಾಚು ಕಟ್ಟಿಕೊಂಡು ನಡೆ-ಓಟ ಮಾಡಿದ ಹಿರಿಯರದು. ಕಡಿಮೆಗೂ ಹೆಚ್ಚಿಗೂ ನಡುವಿನ ಅಂತರವೇ 280 ಮೀಟರ್. ಎಲ್ಲರೂ ಓಡಿದ್ದು ಒಂದೇ ರಸ್ತೆಯಲ್ಲಿ.

ಇನ್ನೂ ಮುಖ್ಯವಾದ ಸಂಖ್ಯೆ ಗೆಳತಿಯ ಫೈಲಿನೊಳಗೇ ಇತ್ತು. ಅವರ ಮೊದಲ ಸುತ್ತು 5.08, ಎರಡನೆಯದು 5.20. ಸುತ್ತು ಎರಡೂ ಸಲ ಒಂದೇ. ಅರ್ಧ ಗಂಟೆಯಲ್ಲಿ ರಸ್ತೆ 120 ಮೀಟರ್ ಬೆಳೆಯುವುದಿಲ್ಲ. ಹಾಗಾಗಿ ಆ 280ರಲ್ಲಿ ಕನಿಷ್ಠ ಒಂದು ಭಾಗ ರಸ್ತೆಯದಲ್ಲ ಎಂಬುದು ಅಲ್ಲೇ ಖಚಿತವಾಯಿತು. ಉಳಿದದ್ದು ಯಾರ ಪಾಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ.

ಮರದ ಕೆಳಗೆ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಷ್ಟು ದೂರದಿಂದ ಬರುವ ಸಿಗ್ನಲ್ ಮಣಿಕಟ್ಟಿನ ಮೇಲಿನ ಪುಟ್ಟ ಆಂಟೆನಾ ತಲುಪುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಎಲೆಯಲ್ಲಿರುವ ನೀರು ಅದನ್ನು ಇನ್ನಷ್ಟು ಹೀರುತ್ತದೆ, ಕೊಂಬೆಗಳು ಅತ್ತಿತ್ತ ಚದುರಿಸುತ್ತವೆ. ಪಾರ್ಕಿನ ಒಳರಸ್ತೆಗಳ ಮೇಲೆ ಮಳೆಮರಗಳು ಎರಡೂ ಬದಿಯಿಂದ ಚಾಚಿ ತಲೆಯ ಮೇಲೆ ಸೇರಿಕೊಂಡಿವೆ. ಅಲ್ಲಿ ಆಕಾಶದ ಅಂಚಿನಲ್ಲಿರುವ ಉಪಗ್ರಹಗಳು ಕಾಣುತ್ತಾ, ಮರೆಯಾಗುತ್ತಾ ಇರುತ್ತವೆ. ಲೆಕ್ಕಕ್ಕೆ ಬರುವ ಉಪಗ್ರಹಗಳ ಗುಂಪು ಬದಲಾದ ಹಾಗೆಲ್ಲ ವಾಚು ಲೆಕ್ಕ ಹಾಕುವ ಜಾಗವೂ ತುಸು ಸರಿಯುತ್ತದೆ. ನಕ್ಷೆಯಲ್ಲಿ ನೋಡಿದರೆ ಗೆರೆ ರಸ್ತೆಯ ಆಚೀಚೆ ಓಲಾಡುತ್ತದೆ.

ಈ ಓಲಾಟ ದೂರವನ್ನು ಏಕೆ ಹೆಚ್ಚಿಸುತ್ತದೆ, ಕೆಲವು ಸಲ ಹೆಚ್ಚಿಸಿ ಕೆಲವು ಸಲ ತಗ್ಗಿಸಿ ಸರಾಸರಿಯಲ್ಲಿ ಏಕೆ ಸರಿಹೋಗುವುದಿಲ್ಲ ಎಂದು ಬಹಳ ಜನ ಕೇಳುತ್ತಾರೆ. ನೇರ ದಾರಿಯಲ್ಲಿ ಬಲಕ್ಕೆ ಸರಿದರೂ ದೂರ ಕೂಡುತ್ತದೆ, ಎಡಕ್ಕೆ ಸರಿದರೂ ಕೂಡುತ್ತದೆ. ಒಂದರ ತಪ್ಪನ್ನು ಇನ್ನೊಂದು ಅಳಿಸುವುದಿಲ್ಲ. ಗೆಳತಿಯ ವೇಗ ಸೆಕೆಂಡಿಗೆ ಸುಮಾರು 2.75 ಮೀಟರ್. ವಾಚು ಸೆಕೆಂಡಿಗೊಂದರಂತೆ ಗುರುತಿಸುವ ಬಿಂದುಗಳಲ್ಲಿ ಒಂದಕ್ಕಿಂತ ಮುಂದಿನದು ಅಡ್ಡಡ್ಡವಾಗಿ ಬರೀ ಅರ್ಧ ಮೀಟರ್ ಸರಿದಿದೆ ಎಂದುಕೊಳ್ಳಿ:

```
√(2.75² + 0.5²) ≈ 2.795
```

2.75 ಇದ್ದದ್ದು 2.795 ಆಯಿತು. ನೋಡಲು ಏನೂ ಅಲ್ಲ, ಆದರೆ ಕಿಲೋಮೀಟರಿಗೆ ಸುಮಾರು 16 ಮೀಟರ್ ಹೆಚ್ಚು. ಇದೇ ಅರ್ಧ ಮೀಟರಿನ ಓಲಾಟವನ್ನು ಸೆಕೆಂಡಿಗೆ 5 ಮೀಟರ್ ಓಡುವವರಿಗೆ ಹಾಕಿ ನೋಡಿದರೆ ಕಿಲೋಮೀಟರಿಗೆ 5 ಮೀಟರ್ ಮಾತ್ರ ಕೂಡುತ್ತದೆ. ಸೆಕೆಂಡಿಗೆ 1.4 ಮೀಟರ್ ನಡೆಯುವವರಿಗೆ 60 ಮೀಟರ್ ದಾಟುತ್ತದೆ. ಅಂದರೆ ನಿಧಾನವಾಗಿ ಹೋದಷ್ಟೂ ವಾಚು ಹೆಚ್ಚು ದೂರ ತೋರಿಸುವ ಸಂಭವ ಹೆಚ್ಚು. ವೇಗದ ಹುಡುಗನಿಗೆ 10.11, ನಡೆ-ಓಟದ ಹಿರಿಯರಿಗೆ 10.39 ಬಂದದ್ದರಲ್ಲಿ ವಾಚಿನ ಹೊಸತು-ಹಳತಿನಷ್ಟೇ ಪಾಲು ಈ ಲೆಕ್ಕದ್ದೂ ಇದೆ. ಗೆಳತಿಯೂ ಎರಡನೇ ಸುತ್ತಿನಲ್ಲಿ ಪಾರ್ಕಿನೊಳಗಿನ ನೀರಿನ ಮೇಜಿನಿಂದ ಸ್ವಲ್ಪ ದೂರ ನಡೆದಿದ್ದರು. ಅವರ ಗೆರೆ ಅತಿ ಹೆಚ್ಚು ಓಲಾಡಿದ್ದು ಆ ತುಣುಕಿನಲ್ಲೇ.

ವಾಚುಗಳು ಹಸಿ ಬಿಂದುಗಳನ್ನು ಹಾಗೇ ಕೂಡಿಸುವುದಿಲ್ಲ, ನಯ ಮಾಡಿ ಕೂಡಿಸುತ್ತವೆ. ಕೆಲವು ವಾಚುಗಳು ಚಲನೆಯಿಂದ ಸಿಗ್ನಲಿನ ಕಂಪನಾಂಕದಲ್ಲಾಗುವ ಡಾಪ್ಲರ್ ಬದಲಾವಣೆಯಿಂದ ವೇಗ ತೆಗೆದು, ಆ ವೇಗದಿಂದ ದೂರ ಕಟ್ಟುತ್ತವೆ. ಆಗ ನಕ್ಷೆಯ ಗೆರೆ ಕೆಟ್ಟದಾಗಿದ್ದರೂ ದೂರ ಸರಿಯಾಗಿರಬಹುದು. ಅದೇ ಫೈಲನ್ನು ಅಪ್‌ಲೋಡ್ ಮಾಡಿದಾಗ ಆ್ಯಪ್ ಬಿಂದುಗಳಿಂದ ಹೊಸದಾಗಿ ಲೆಕ್ಕ ಹಾಕಿ ಬೇರೆಯೇ ಸಂಖ್ಯೆ ತೋರಿಸುವುದೂ ಉಂಟು. ನಯ ಮಾಡುವುದಕ್ಕೂ ಒಂದು ಬೆಲೆ ಇದೆ. ತಿರುವು ಹೆಚ್ಚಿರುವ ಕಾಡುದಾರಿಯಲ್ಲಿ ಅದು ಪ್ರತಿ ತಿರುವಿನ ಮೂಲೆ ಕತ್ತರಿಸಿ ಒಟ್ಟು ದೂರವನ್ನು ನಿಜಕ್ಕಿಂತ ಕಡಿಮೆ ಮಾಡುತ್ತದೆ. ಮರದ ಕೆಳಗೆ ದೂರ ಯಾವಾಗಲೂ ಹೆಚ್ಚೇ ಬರುತ್ತದೆ ಎಂದು ಅದಕ್ಕಾಗಿಯೇ ನಾನು ಹೇಳುವುದಿಲ್ಲ. ಅಗಲವಾದ, ಹೆಚ್ಚು ಸುತ್ತುಬಳಸಿಲ್ಲದ ನಗರದ ರಸ್ತೆಯಲ್ಲಿ ಓಲಾಟದ ಕೈ ಮೇಲಾಗುತ್ತದೆ.

ಕಟ್ಟಡಗಳ ನಡುವೆ

ವಿಠಲ್ ಮಲ್ಯ ರಸ್ತೆಯ ಕಥೆ ಬೇರೆ. ಅಲ್ಲಿ ಸಿಗ್ನಲ್ ಕ್ಷೀಣಿಸುವುದಕ್ಕಿಂತ ದಾರಿ ತಪ್ಪಿ ಬರುವುದೇ ಹೆಚ್ಚು. ಯುಬಿ ಸಿಟಿಯಂಥ ಎತ್ತರದ ಗಾಜಿನ ಮುಖಕ್ಕೆ ಬಡಿದು ತಿರುಗಿ ಬಂದ ಸಿಗ್ನಲ್ ನೇರವಾಗಿ ಬಂದದ್ದಕ್ಕಿಂತ ಹೆಚ್ಚು ದೂರ ಕ್ರಮಿಸಿರುತ್ತದೆ. ವಾಚಿಗೆ ಗೊತ್ತಾಗುವುದು ಸಮಯ ಮಾತ್ರ. 40 ಮೀಟರ್ ಬಳಸಿ ಬಂದರೆ ಆ ಉಪಗ್ರಹ 40 ಮೀಟರ್ ಹೆಚ್ಚು ದೂರದಲ್ಲಿದೆ ಎಂದೇ ಅದು ನಂಬುತ್ತದೆ. ಜೊತೆಗೆ ಎರಡು ಬದಿಯ ಗೋಡೆಗಳು ಅಡ್ಡಲಾಗಿರುವ ಉಪಗ್ರಹಗಳನ್ನು ಮುಚ್ಚುತ್ತವೆ. ನೆತ್ತಿಯ ಮೇಲಿನವು ಮತ್ತು ರಸ್ತೆಯ ಉದ್ದಕ್ಕೆ ಹಿಂದೆ ಮುಂದೆ ಇರುವವು ಮಾತ್ರ ಉಳಿಯುತ್ತವೆ. ಹೀಗಾಗಿ ರಸ್ತೆಯ ಉದ್ದಕ್ಕೆ ವಾಚು ತಕ್ಕಮಟ್ಟಿಗೆ ಸರಿಯಾಗಿರುತ್ತದೆ, ಅಡ್ಡಕ್ಕೆ ತಪ್ಪುತ್ತದೆ. ಗೆರೆ ಕಟ್ಟಡದೊಳಗೆ ಹೊಕ್ಕು ಹೊರಬಂದಂತೆ ಕಾಣುವುದು ಇದರಿಂದಲೇ.

ಗೆಳತಿಯ ಎರಡನೇ ಸುತ್ತಿನಲ್ಲಿ ಇಂಥದ್ದೊಂದು ನೆಗೆತ ಸ್ಪಷ್ಟವಾಗಿ ಕಂಡಿತು. ಸುಮಾರು 10 ಮೀಟರ್ ಓಡುವಷ್ಟರಲ್ಲಿ ಗೆರೆ 20 ಮೀಟರ್ ಪಕ್ಕಕ್ಕೆ ಹಾರಿ, ಸ್ವಲ್ಪ ದೂರ ಅಲ್ಲೇ ಸಾಗಿ, ಹಾಗೆಯೇ ವಾಪಸ್ ಹಾರಿತ್ತು. 10 ಮೀಟರ್ ಮುಂದೆ, 20 ಮೀಟರ್ ಪಕ್ಕಕ್ಕೆ ಎಂದರೆ ಓರೆಗೆರೆ 22.4 ಮೀಟರ್. ಹೋಗುವಾಗ 12, ಬರುವಾಗ 12, ಒಂದೇ ನೆಗೆತಕ್ಕೆ ಸುಮಾರು 25 ಮೀಟರ್ ಹೆಚ್ಚುವರಿ. ಅದೇ 20 ಮೀಟರ್ ಸರಿತ 50 ಮೀಟರ್ ಉದ್ದಕ್ಕೆ ನಿಧಾನವಾಗಿ ಆಗಿದ್ದರೆ ಎರಡೂ ಕಡೆ ಸೇರಿ 8 ಮೀಟರ್ ಮಾತ್ರ ಕೂಡುತ್ತಿತ್ತು. ಗೆರೆ ಎಷ್ಟು ದೂರ ಸರಿದಿದೆ ಎಂಬುದಕ್ಕಿಂತ ಎಷ್ಟು ಥಟ್ಟನೆ ಸರಿದಿದೆ ಎಂಬುದು ದೂರವನ್ನು ಕೆಡಿಸುತ್ತದೆ. ಮೊದಲ ಸುತ್ತಿನಲ್ಲಿ ಅದೇ ಜಾಗದಲ್ಲಿ ಇಂಥ ನೆಗೆತ ಇರಲಿಲ್ಲ. ಅಷ್ಟು ಹೊತ್ತಿಗೆ ಉಪಗ್ರಹಗಳು ತಮ್ಮ ಕಕ್ಷೆಯಲ್ಲಿ ಸುಮಾರು 15 ಡಿಗ್ರಿ ಮುಂದೆ ಹೋಗಿದ್ದವು. ಗೋಡೆ ಅಲ್ಲೇ ಇದ್ದರೂ ಅದರ ಹಿಂದೆ ಮರೆಯಾದವು ಬೇರೆಯವು.

ಎರಡು ತರಂಗಾಂತರದ ವಾಚು ಇಲ್ಲಿ ನಿಜವಾಗಿ ನೆರವಾಗುತ್ತದೆ. ಹಳೆಯ ಎಲ್1 ಸಿಗ್ನಲಿನ ಸಂಕೇತದ ಒಂದೊಂದು ತುಣುಕು ಸುಮಾರು 293 ಮೀಟರ್ ಉದ್ದ. 40 ಮೀಟರ್ ತಡವಾಗಿ ಬಂದ ಪ್ರತಿಫಲನ ಅದರೊಳಗೇ ಕಲಸಿಹೋಗುತ್ತದೆ. ಎರಡನೆಯದಾದ ಹೊಸ ಎಲ್5 ಸಿಗ್ನಲಿನಲ್ಲಿ ಆ ತುಣುಕು 29 ಮೀಟರ್. ಹಾಗಾಗಿ ನೇರ ಸಿಗ್ನಲ್ ಯಾವುದು, ಬಡಿದು ಬಂದದ್ದು ಯಾವುದು ಎಂದು ವಾಚಿಗೆ ಬೇರ್ಪಡಿಸಲು ಬರುತ್ತದೆ. ನೇರ ಸಿಗ್ನಲ್ ಪೂರ್ತಿ ಮುಚ್ಚಿಹೋಗಿ ಪ್ರತಿಫಲನ ಒಂದೇ ತಲುಪಿದರೆ ಮಾತ್ರ ಇದೂ ಮೋಸಹೋಗುತ್ತದೆ. ಹೋಲಿಸಲು ಇನ್ನೊಂದು ಇರುವುದೇ ಇಲ್ಲವಲ್ಲ.

ರಸ್ತೆಯನ್ನು ಅಳೆದದ್ದು ಹೇಗೆ

ಈ ಓಟದ ದಾರಿಯನ್ನು ಜಿಪಿಎಸ್‌ನಿಂದ ಅಳೆದಿರಲಿಲ್ಲ. ವರ್ಲ್ಡ್ ಅಥ್ಲೆಟಿಕ್ಸ್ ಒಪ್ಪುವ ವಿಧಾನ ಸೈಕಲ್ಲಿನದು. ಮುಂದಿನ ಚಕ್ರದ ಅಚ್ಚಿಗೆ ಜೋನ್ಸ್ ಕೌಂಟರ್ ಎಂಬ ಸಣ್ಣ ಗಿಯರ್ ಪೆಟ್ಟಿಗೆ ಕಟ್ಟುತ್ತಾರೆ. ಈಗಿನ ಮಾದರಿಯಲ್ಲಿ ಅದು ಚಕ್ರದ ಒಂದು ಸುತ್ತಿಗೆ 23.6 ಎಣಿಕೆ ತೋರಿಸುತ್ತದೆ. 2.1 ಮೀಟರ್ ಸುತ್ತಳತೆಯ ಚಕ್ರಕ್ಕೆ ಒಂದು ಎಣಿಕೆ ಎಂದರೆ ಸುಮಾರು 9 ಸೆಂಟಿಮೀಟರ್. ನಮ್ಮ ನಗರದಲ್ಲಿ ಇಂಥ ಅಳತೆ ನಡೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯುವ ಕೆಲಸ ನಾನು ಮಾಡಿದ್ದೇನೆ. ಅಲ್ಲಿ ಜನ ಎಷ್ಟು ಎಚ್ಚರದಿಂದ ಇರುತ್ತಾರೆ ಎಂದು ನೋಡಿದ್ದರಿಂದಲೇ ವಾಚಿನ ಸಂಖ್ಯೆ ಹಿಡಿದು ಅವರನ್ನು ಬೈಯುವಾಗ ನನಗೆ ಬೇಜಾರಾಗುತ್ತದೆ.

ಮೊದಲು ನೇರವಾದ, ಸಮತಟ್ಟಾದ ರಸ್ತೆಯಲ್ಲಿ ಕನಿಷ್ಠ 300 ಮೀಟರನ್ನು ಉಕ್ಕಿನ ಟೇಪಿನಿಂದ ಅಳೆದು, ಎರಡೂ ತುದಿಗೆ ಮೊಳೆ ಹೊಡೆದು ಗುರುತು ಮಾಡುತ್ತಾರೆ. ಉಕ್ಕು ಬಿಸಿಗೆ ಹಿಗ್ಗುವುದರಿಂದ ಆ ಹೊತ್ತಿನ ತಾಪಮಾನ ಬರೆದುಕೊಂಡು 20 ಡಿಗ್ರಿಗೆ ಸರಿಹೊಂದಿಸಬೇಕು. ಆ 300 ಮೀಟರಿನ ಮೇಲೆ ಸೈಕಲ್ಲನ್ನು ನಾಲ್ಕು ಸಲ ಓಡಿಸಿ ಎಣಿಕೆ ಬರೆಯುತ್ತಾರೆ. ಆಮೇಲೆ ಓಟದ ದಾರಿ ಅಳೆದು, ಮುಗಿದ ಮೇಲೆ ಮತ್ತೆ ನಾಲ್ಕು ಸಲ ಅದೇ 300 ಮೀಟರ್. ಈ ಎರಡನೇ ಸರದಿ ಏಕೆಂದರೆ ಬಿಸಿಲೇರಿದಂತೆ ಟೈರಿನ ಗಾಳಿ ಹಿಗ್ಗಿ ಚಕ್ರ ಕೂದಲೆಳೆಯಷ್ಟು ದೊಡ್ಡದಾಗುತ್ತದೆ. ಬೆಳಿಗ್ಗೆ 3,377 ಇದ್ದ ಎಣಿಕೆ ಬಿಸಿಲಲ್ಲಿ 3,375 ಆದರೂ ಸಾಕು, 10 ಕಿ.ಮೀ.ಗೆ 6 ಮೀಟರ್ ವ್ಯತ್ಯಾಸ ಬಂದಿರುತ್ತದೆ.

ದಾರಿ ಅಳೆಯುವಾಗ ಸೈಕಲ್ ರಸ್ತೆಯ ಮಧ್ಯದಲ್ಲಿ ಹೋಗುವುದಿಲ್ಲ. ಓಟಗಾರ ಕಾನೂನುಬದ್ಧವಾಗಿ ಓಡಬಹುದಾದ ಅತಿ ಚಿಕ್ಕ ದಾರಿಯಲ್ಲಿ ಹೋಗುತ್ತದೆ. ತಿರುವಿನಲ್ಲಿ ಒಳಗಿನ ಕಲ್ಲಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಮುಂದಿನ ತಿರುವು ಎದುರು ಬದಿಗಿದ್ದರೆ ಅಲ್ಲಿಗೆ ಓರೆಯಾಗಿ ನೇರ ಗೆರೆ ಹಿಡಿದು. ಇಷ್ಟಾದ ಮೇಲೂ ದಾರಿ ಕಡಿಮೆಯಾಗಬಾರದೆಂದು ಸಾವಿರಕ್ಕೆ ಒಂದರಂತೆ ಹೆಚ್ಚು ಸೇರಿಸುತ್ತಾರೆ. ಅಂದರೆ 10 ಕಿ.ಮೀ. ಓಟದ ದಾರಿ 10,010 ಮೀಟರ್ ಇರುವಂತೆ ಗುರುತು ಹಾಕುತ್ತಾರೆ.

ಆ ಅತಿ ಚಿಕ್ಕ ದಾರಿಯಲ್ಲಿ ನೂರಾರು ಜನರ ನಡುವೆ ಓಡಲು ಯಾರಿಗೂ ಆಗುವುದಿಲ್ಲ. ಸುತ್ತುದಾರಿಯಲ್ಲಿ ಆ ಗೆರೆಯಿಂದ ಸರಾಸರಿ 3 ಮೀಟರ್ ಹೊರಗೆ ಓಡಿದರೆ ಒಂದು ಪೂರ್ತಿ ಸುತ್ತಿಗೆ 2 × π × 3, ಅಂದರೆ ಸುಮಾರು 19 ಮೀಟರ್ ಹೆಚ್ಚಾಗುತ್ತದೆ. ಎರಡು ಸುತ್ತಿಗೆ 38. ಶುರುವಿನಲ್ಲಿ ಜನರನ್ನು ದಾಟಲು ಅತ್ತಿತ್ತ ಹೋದದ್ದು, ನೀರಿನ ಮೇಜಿಗೆ ಹೊರಳಿದ್ದು ಸೇರಿಸಿದರೆ ಗೆಳತಿ ನಿಜವಾಗಿ ಓಡಿದ್ದು 50-60 ಮೀಟರ್ ಹೆಚ್ಚು ಎನ್ನಬಹುದು. ಅದರ ಮೇಲೆ ರಸ್ತೆಗೇ ಸೇರಿಸಿದ 10 ಮೀಟರ್. 280ರಲ್ಲಿ ಮಿಕ್ಕ 200ಕ್ಕೂ ಹೆಚ್ಚು ಮೀಟರ್ ಅವರ ಕಾಲು ಓಡಿದ್ದಲ್ಲ, ವಾಚು ಓಲಾಡಿದ್ದು.

ತಪ್ಪು ರಸ್ತೆಯದೇ ಎಂದು ಗೊತ್ತಾಗುವುದು ಯಾವಾಗ

ಅಳೆದ ದಾರಿಯೂ ತಪ್ಪಬಹುದು. 1981ರ ನ್ಯೂಯಾರ್ಕ್ ಮ್ಯಾರಥಾನಿನಲ್ಲಿ ಆಲ್ಬರ್ಟೊ ಸಲಾಜಾರ್ ಓಡಿದ 2:08:13 ವಿಶ್ವದಾಖಲೆ ಎನಿಸಿಕೊಂಡಿತ್ತು. ಮುಂದೆ ಮತ್ತೆ ಅಳೆದಾಗ ದಾರಿ ಸುಮಾರು 150 ಮೀಟರ್ ಕಡಿಮೆ ಬಂತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯಾರಥಾನ್ 2013ರಿಂದ 2015ರವರೆಗೆ 380 ಮೀಟರ್ ಕಡಿಮೆ ಇತ್ತು. 2021ರ ಬ್ರೈಟನ್ ಮ್ಯಾರಥಾನ್ 568 ಮೀಟರ್ ಹೆಚ್ಚಿತ್ತು. ಆದ್ದರಿಂದ ಅಳತೆ ಪತ್ರ ತೋರಿಸಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಅಳೆದ ದಾರಿಯನ್ನೇ ಓಟದ ದಿನ ಹಾಕಿದ್ದರೇ ಎಂದೂ ನೋಡಬೇಕು. ಯು-ಟರ್ನಿನ ಕೋನ್ 50 ಮೀಟರ್ ಆಚೆ ಹೋದರೆ ಓಟ 100 ಮೀಟರ್ ಬೆಳೆಯುತ್ತದೆ.

ವಾಚುಗಳಿಂದ ಇದನ್ನು ಪತ್ತೆ ಹಚ್ಚಲು ನಾನು ನಂಬುವ ಮಾತು ಒಂದಿದೆ. ವಾಚಿನ ತಪ್ಪು ಒಬ್ಬೊಬ್ಬರಿಗೆ ಒಂದೊಂದು ರೀತಿ ಬರುತ್ತದೆ, ರಸ್ತೆಯ ತಪ್ಪು ಎಲ್ಲರಿಗೂ ಒಂದೇ ಜಾಗದಲ್ಲಿ ಒಂದೇ ಅಳತೆಗೆ ಬರುತ್ತದೆ. ಅದಕ್ಕೇ ಒಟ್ಟು ದೂರ ನೋಡಿ ತೀರ್ಪು ಹೇಳಬಾರದು, ತೆರೆದ ಆಕಾಶದ ತುಣುಕುಗಳನ್ನು ಬೇರೆ ತೆಗೆದು ಹಲವರ ಲ್ಯಾಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಹೆಚ್ಚು ತೋರಿಸಿದ ವಾಚಿಗಿಂತ ಕಡಿಮೆ ತೋರಿಸಿದ ವಾಚುಗಳ ಮಾತಿಗೆ ತೂಕ ಜಾಸ್ತಿ. ಓಟಗಾರ ಚಿಕ್ಕ ದಾರಿಗಿಂತ ಹೆಚ್ಚೇ ಓಡಿರುತ್ತಾನೆ, ಓಲಾಟವೂ ಹೆಚ್ಚಿನ ಕಡೆಗೇ ತಳ್ಳುತ್ತದೆ. ಹಾಗಿದ್ದೂ ಸುರಂಗವಿಲ್ಲದ, ನೇರವಾದ, ತೆರೆದ ರಸ್ತೆಯ 10 ಕಿ.ಮೀ. ಓಟದಲ್ಲಿ ಐದಾರು ಒಳ್ಳೆಯ ವಾಚುಗಳು 9.85ರ ಆಸುಪಾಸು ತೋರಿಸಿದರೆ ನಾನು ಅಂದೇ ಆಯೋಜಕರಿಗೆ ಬರೆಯುತ್ತೇನೆ. ಓಟಗಾರ ನಿಂತಾಗ ಅಳತೆಯನ್ನು ತಾನೇ ನಿಲ್ಲಿಸುವ ಆಟೊ-ಪಾಜ್ ಯಾರದಾದರೂ ಚಾಲೂ ಇತ್ತೇ ಎಂದು ಕೇಳಿಕೊಂಡ ಮೇಲೆ. 10.05ರಿಂದ 10.20ರವರೆಗೆ ನಗರದ ಓಟದಲ್ಲಿ ನನಗೆ ಏನನ್ನೂ ಹೇಳುವುದಿಲ್ಲ.

ನಮ್ಮ ನಾಲ್ಕು ಫೈಲುಗಳಲ್ಲಿ ತೆರೆದ ತುಣುಕೆಂದರೆ ಕಬ್ಬನ್ ರಸ್ತೆ. ಮೊದಲ ಸುತ್ತಿನಲ್ಲಿ 2ನೇ ಫಲಕದಿಂದ 3ನೇ ಫಲಕಕ್ಕೆ ಗೆಳತಿಯ ವಾಚು 1.01 ತೋರಿಸಿತ್ತು. ಎರಡನೇ ಸುತ್ತಿನಲ್ಲಿ ಅದೇ ತುಣುಕು 7ರಿಂದ 8ರವರೆಗೆ. ಅಲ್ಲಿ ಬಂದದ್ದು 0.97. ಆಕಾಶ ತೆರೆದಿದ್ದ ಕಡೆ 40 ಮೀಟರ್ ಕಡಿಮೆ! ಮಿಕ್ಕ ಮೂವರ ಫೈಲುಗಳಲ್ಲೂ 8ನೇ ಕಿಲೋಮೀಟರ್ ಹೆಚ್ಚುಕಡಿಮೆ ಅಷ್ಟೇ ಕುಗ್ಗಿತ್ತು. ಇಷ್ಟು ಹೊತ್ತು ಎಲ್ಲೂ ಒಪ್ಪದ ನಾಲ್ಕು ವಾಚುಗಳು ಇಲ್ಲಿ ಒಪ್ಪಿದವು. ಇದು ಉಪಗ್ರಹಗಳ ಕೆಲಸವಲ್ಲ ಎಂದು ಆಗಲೇ ಅನ್ನಿಸಿತು.

ಯು-ಟರ್ನ್ ಕೋನ್ ಎರಡನೇ ಸುತ್ತಿಗೆ 20 ಮೀಟರ್ ಈಚೆ ಬಂದಿರಬಹುದೇ? ಹಾಗಾಗಿದ್ದರೆ 8ನೇ ಕಿಲೋಮೀಟರ್ ಮಾತ್ರ ಕುಗ್ಗಿ, ಅದರ ಹಿಂದಿನದು ಸರಿಯಾಗಿರಬೇಕಿತ್ತು. ಆದರೆ ಹಿಂದಿನ 7ನೇ ಕಿಲೋಮೀಟರ್ ಗೆಳತಿಯ ವಾಚಿನಲ್ಲಿ 1.06 ಇತ್ತು. ಅದೇ ಜಾಗದ 2ನೇ ಕಿಲೋಮೀಟರ್ 1.02. ಅಲ್ಲಿ 40 ಮೀಟರ್ ಕೂಡಿದ್ದು ಇಲ್ಲಿ 40 ಮೀಟರ್ ಕಳೆದಿದೆ. ಎರಡನ್ನೂ ಸೇರಿಸಿದರೆ ಮೊದಲ ಸುತ್ತಿನಲ್ಲೂ 2.03, ಎರಡನೇ ಸುತ್ತಿನಲ್ಲೂ 2.03. ದಾರಿ ಒಂದಿಂಚೂ ಬದಲಾಗಿಲ್ಲ, 7ನೇ ಫಲಕ ಮಾತ್ರ 40 ಮೀಟರ್ ಮುಂದೆ ಹೋಗಿದೆ. 5 ಕಿ.ಮೀ. ಸುತ್ತಿನಲ್ಲಿ 2ರ ಫಲಕ ಮತ್ತು 7ರ ಫಲಕ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರಬೇಕು. ಓಟದ ದಿನದ ಫೋಟೊಗಳಲ್ಲಿ ನೋಡಿದಾಗ 7ನ್ನು ಮುಂದಿನ ದೀಪದ ಕಂಬಕ್ಕೆ ಕಟ್ಟಿದ್ದು ಕಾಣಿಸಿತು.

ಗೆಳತಿಗೆ ಇದರಿಂದ ಆದ ನಷ್ಟ ಸಣ್ಣದಲ್ಲ. 7ರ ಫಲಕದಲ್ಲಿ ಗಡಿಯಾರ ನೋಡಿ 15 ಸೆಕೆಂಡ್ ಹಿಂದೆ ಬಿದ್ದೆ ಎಂದುಕೊಂಡು ಅವರು ಅಲ್ಲಿಂದ ವೇಗ ಹೆಚ್ಚಿಸಿದ್ದರು. ಪಾರ್ಕಿನಲ್ಲಿ ನಡೆಯಬೇಕಾಗಿ ಬಂದದ್ದು ಅದಾದ ಸ್ವಲ್ಪ ಹೊತ್ತಿಗೆ. ಅವರ ಅಧಿಕೃತ ಸಮಯ 60:48 ಆಗಿಯೇ ಉಳಿಯಿತು, ನಿಜವಾದ ಪೇಸ್ 6:05.

ಮೇಲ್ ಹಾಕಿದೆವು. 280 ಮೀಟರಿನ ಮಾತು ಅದರಲ್ಲಿರಲಿಲ್ಲ. ನಾಲ್ಕೂ ಫೈಲುಗಳ 2, 3, 7, 8ನೇ ಲ್ಯಾಪ್‌ಗಳು, ಕಂಬದ ಫೋಟೊ, ಮತ್ತು ಮುಂದಿನ ಸಲ 2 ಮತ್ತು 7ರ ಫಲಕಗಳನ್ನು ಒಂದೇ ಕಂಬಕ್ಕೆ ಕಟ್ಟಿ ಎಂಬ ಒಂದು ಸಾಲು. ಎರಡು ದಿನದಲ್ಲಿ ಉತ್ತರ ಬಂತು. ಫಲಕ ಕಟ್ಟಿದ ಸ್ವಯಂಸೇವಕರಿಗೆ ಕಂಬದ ಸಂಖ್ಯೆ ಬರೆದುಕೊಟ್ಟಿರಲಿಲ್ಲವಂತೆ. ಮುಂದಿನ ಓಟದಿಂದ ಪ್ರತಿ ಫಲಕದ ಜಾಗಕ್ಕೂ ರಸ್ತೆಯ ಮೇಲೆ ಬಣ್ಣದ ಗುರುತು ಹಾಕುತ್ತೇವೆ ಎಂದು ಬರೆದಿದ್ದರು.